ವಿದೇಶದಲ್ಲಿದ್ದುಕೊಂಡು ಮತದಾರರ ಪಟ್ಟಿಗೆ ಸೇರುವುದು: ಪಾಸ್‌ಪೋರ್ಟ್‌ನ ಕೊನೆಯ ಪುಟದಿಂದ ಊರಿನ ಮನೆ ಬಾಗಿಲಿನವರೆಗೆ

ಶಾಲೆಯಲ್ಲಿ ಪಾಠ ಹೇಳುತ್ತಲೇ ಹಲವು ವರ್ಷ ನಾನು ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವನ್ನೂ ಮಾಡಿದ್ದೇನೆ. ಊರಿನವರು ಅದನ್ನು ಬಿಎಲ್‌ಒ ಕೆಲಸ ಎನ್ನುತ್ತಾರೆ. ವಿದೇಶದಿಂದ ಬಂದ ಅರ್ಜಿಯನ್ನು ಹಿಡಿದುಕೊಂಡು, ಅದರಲ್ಲಿ ಬರೆದ ಮನೆಯನ್ನು ಹುಡುಕಿ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ನಿಂತು ವಾಪಸಾದದ್ದು ಒಂದೆರಡು ಸಲವಲ್ಲ. ಅರ್ಜಿದಾರರು ದೂರದ ದೇಶದಲ್ಲಿ ಕುಳಿತು ಶ್ರದ್ಧೆಯಿಂದ ಎಲ್ಲ ಕಲಂಗಳನ್ನೂ ತುಂಬಿರುತ್ತಾರೆ. ಆದರೆ ಪಾಸ್‌ಪೋರ್ಟ್‌ನಲ್ಲಿರುವ ವಿಳಾಸಕ್ಕೆ ಒಬ್ಬ ಮನುಷ್ಯ ಬರುತ್ತಾನೆ, ಆತನಿಗೆ ಅಲ್ಲಿ ಯಾರಾದರೂ ಉತ್ತರ ಹೇಳಬೇಕು ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಅರ್ಜಿಗಳು ಹೆಚ್ಚಾಗಿ ತಡೆದು ನಿಲ್ಲುವುದು ಅಲ್ಲೇ. ಆದ್ದರಿಂದ ಈ ಬರಹದಲ್ಲಿ ಪಾಸ್‌ಪೋರ್ಟ್ ವಿಳಾಸಕ್ಕೂ ಮನೆ ಬಾಗಿಲಿನ ಪರಿಶೀಲನೆಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ನನ್ನ ತಂಗಿಯ ಮಗಳ ಅರ್ಜಿಯನ್ನೇ ಇಟ್ಟುಕೊಳ್ಳುತ್ತೇನೆ. ಅವಳು ಶಾರ್ಜಾದಲ್ಲಿ ನರ್ಸ್. ಪಾಸ್‌ಪೋರ್ಟ್‌ನಲ್ಲಿರುವುದು ಉಡುಪಿ ಜಿಲ್ಲೆಯ ಮರವಂತೆಯ ಮನೆ. ತಂಗಿ ಮತ್ತು ಭಾವ ಕೆಲವು ವರ್ಷಗಳಿಂದ ಉಡುಪಿ ಪೇಟೆಯಲ್ಲಿ ವಾಸವಾಗಿದ್ದಾರೆ, ಮರವಂತೆಯ ಮನೆ ಹೆಚ್ಚಿನ ದಿನ ಮುಚ್ಚಿರುತ್ತದೆ. ಎಡವಲು ಬೇಕಾದ ಕಲ್ಲುಗಳೆಲ್ಲ ಈ ಒಂದೇ ಪ್ರಕರಣದಲ್ಲಿ ಇದ್ದವು.

## ಯಾರಿಗೆ ಈ ದಾರಿ

ಜನಪ್ರಾತಿನಿಧ್ಯ ಕಾಯ್ದೆ 1950ಕ್ಕೆ 2010ರಲ್ಲಿ ತಂದ ತಿದ್ದುಪಡಿಯಿಂದ 20ಎ ಎಂಬ ಕಲಂ ಸೇರಿತು. ಅದು ಜಾರಿಗೆ ಬಂದದ್ದು 2011ರಲ್ಲಿ. ಉದ್ಯೋಗ, ಓದು ಅಥವಾ ಬೇರೆ ಕಾರಣದಿಂದ ಊರು ಬಿಟ್ಟು ಹೊರದೇಶದಲ್ಲಿರುವ, ಬೇರೆ ದೇಶದ ಪೌರತ್ವ ಪಡೆಯದ, 18 ವರ್ಷ ತುಂಬಿದ ಭಾರತೀಯ ಪ್ರಜೆ ಸಾಗರೋತ್ತರ ಮತದಾರನಾಗಿ ಹೆಸರು ಸೇರಿಸಬಹುದು ಎಂದು ಅದು ಹೇಳುತ್ತದೆ. ಅರ್ಜಿಯ ಹೆಸರು ನಮೂನೆ 6ಎ. ಅರ್ಜಿಗೆ ಶುಲ್ಕವಿಲ್ಲ.

ಅಮೆರಿಕದ ಗ್ರೀನ್ ಕಾರ್ಡ್ ಅಥವಾ ಬೇರೆ ದೇಶದ ಕಾಯಂ ವಾಸದ ಪರವಾನಗಿ ಇದ್ದರೆ ತೊಂದರೆಯಿಲ್ಲ, ಏಕೆಂದರೆ ಅವರು ಇನ್ನೂ ಭಾರತದ ಪ್ರಜೆಗಳೇ. ಆ ದೇಶದ ಪಾಸ್‌ಪೋರ್ಟ್ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ಮತದಾನದ ಹಕ್ಕಿಲ್ಲ. ಭಾರತ ಸರ್ಕಾರದ ನೌಕರಿಯಲ್ಲಿದ್ದು ವಿದೇಶದ ಕಚೇರಿಗೆ ನಿಯೋಜನೆಗೊಂಡವರು ಸೇವಾ ಮತದಾರರ ಗುಂಪಿಗೆ ಬರುತ್ತಾರೆ. ಅವರ ನಮೂನೆಯೇ ಬೇರೆ, ಅವರು 6ಎ ತುಂಬಬಾರದು.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಹೆಸರು ಸೇರಿಸುವುದು ವಿದೇಶದಿಂದ ಆಗುತ್ತದೆ, ಮತ ಹಾಕುವುದು ಮಾತ್ರ ಊರಿಗೆ ಬಂದೇ ಆಗಬೇಕು. ಸಾಗರೋತ್ತರ ಮತದಾರರಿಗೆ ಅಂಚೆ ಮತವಿಲ್ಲ, ರಾಯಭಾರ ಕಚೇರಿಯಲ್ಲಿ ಮತಗಟ್ಟೆಯೂ ಇಲ್ಲ. ಪ್ರತಿನಿಧಿಯ ಮೂಲಕ ಮತ ಹಾಕಿಸುವ ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದರೂ ಕಾನೂನಾಗದೆ ಸದನದ ಅವಧಿಯ ಜೊತೆಗೇ ಬಿದ್ದುಹೋಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು 1.19 ಲಕ್ಷ ಸಾಗರೋತ್ತರ ಮತದಾರರಿದ್ದರು, ಬಂದು ಮತ ಹಾಕಿದವರು 2,958 ಮಂದಿ. ಮುಂದಿನ ಚುನಾವಣೆಗೆ ರಜೆ ಹಾಕಿ ಬರುವ ಮನಸ್ಸಿದ್ದರೆ ಆ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ.

## ಮೊದಲು ಪಾಸ್‌ಪೋರ್ಟ್ ತೆರೆದು ಕೊನೆಯ ಪುಟ ಓದಿ

ಸಾಮಾನ್ಯ ಮತದಾರನ ಹೆಸರು ಆತ ವಾಸಿಸುವ ಜಾಗದ ಪಟ್ಟಿಯಲ್ಲಿರುತ್ತದೆ. ಸಾಗರೋತ್ತರ ಮತದಾರನ ಹೆಸರು ಸೇರುವುದು ಪಾಸ್‌ಪೋರ್ಟ್‌ನಲ್ಲಿ ನಮೂದಾದ ಭಾರತದ ವಿಳಾಸ ಯಾವ ಕ್ಷೇತ್ರದಲ್ಲಿದೆಯೋ ಆ ಕ್ಷೇತ್ರದ ಪಟ್ಟಿಗೆ. ನಿಮಗೆ ಇಷ್ಟವಾದ ಊರು, ತಂದೆ ತಾಯಿ ಈಗ ಇರುವ ಊರು, ಹೊಸದಾಗಿ ಫ್ಲ್ಯಾಟ್ ಕೊಂಡ ಊರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ತಂಗಿಯ ಮಗಳು ಮೊದಲು ಉಡುಪಿಯ ವಿಳಾಸ ಬರೆಯಲು ಹೊರಟಿದ್ದಳು, ಅಪ್ಪ ಅಮ್ಮ ಅಲ್ಲಿದ್ದಾರಲ್ಲ ಎಂದು. ಆ ಅರ್ಜಿ ಪಾಸ್‌ಪೋರ್ಟ್ ಪ್ರತಿಯೊಂದಿಗೆ ತಾಳೆಯಾಗದೆ ಅಲ್ಲೇ ಬೀಳುತ್ತಿತ್ತು.

ಸಾಮಾನ್ಯ ಪಾಸ್‌ಪೋರ್ಟ್‌ನಲ್ಲಿ ಫೋಟೊ ಇರುವ ಪುಟ ಮುಂಭಾಗದಲ್ಲಿದೆ. ವಿಳಾಸ, ತಂದೆ ತಾಯಿ ಮತ್ತು ಸಂಗಾತಿಯ ಹೆಸರು, ಹಳೆಯ ಪಾಸ್‌ಪೋರ್ಟ್‌ನ ವಿವರ ಕೊನೆಯ ಪುಟದಲ್ಲಿರುತ್ತವೆ. ಆ ವಿಳಾಸವನ್ನು ಓದಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಭಾರತದ ವಿಳಾಸವೇ? ಈ ಮನೆಯಲ್ಲಿ ಅಥವಾ ಇದರ ಹತ್ತಿರ ನನ್ನನ್ನು ಬಲ್ಲ ಸಂಬಂಧಿಕರು ಈಗ ಇದ್ದಾರೆಯೇ?

ಮೊದಲ ಪ್ರಶ್ನೆ ಅನೇಕರನ್ನು ಸಿಕ್ಕಿಸುತ್ತದೆ. ವಿದೇಶದಲ್ಲಿದ್ದಾಗಲೇ ಪಾಸ್‌ಪೋರ್ಟ್ ನವೀಕರಿಸಿಕೊಂಡವರಲ್ಲಿ ಕೆಲವರ ಪುಸ್ತಕದಲ್ಲಿ ಅಲ್ಲಿನ ವಿಳಾಸವೇ ಅಚ್ಚಾಗಿರುತ್ತದೆ. ಅಂತಹ ಪಾಸ್‌ಪೋರ್ಟ್ ಪ್ರಯಾಣಕ್ಕೆ ಪೂರ್ತಿ ಸರಿ, ಆದರೆ ಕ್ಷೇತ್ರವನ್ನು ತೋರಿಸಲು ಅದರಲ್ಲಿ ಏನೂ ಇಲ್ಲ. ಅವರು ಮೊದಲು ಭಾರತದ ವಿಳಾಸ ಹಾಕಿಸಿಕೊಂಡು ಪಾಸ್‌ಪೋರ್ಟ್ ಮರುವಿತರಣೆ ಪಡೆಯುವುದು ಒಳ್ಳೆಯದು. ನಿಮ್ಮ ಪಾಸ್‌ಪೋರ್ಟ್‌ನ ಅವಧಿ ಇನ್ನು ಕೆಲವೇ ತಿಂಗಳಲ್ಲಿ ಮುಗಿಯುವುದಿದ್ದರೂ ನನ್ನ ಸಲಹೆ ಅದೇ. ಮೊದಲು ನವೀಕರಿಸಿ, ಆ ಅರ್ಜಿಯಲ್ಲಿ ಊರಿನ ವಿಳಾಸವನ್ನು ಉಳಿಸಿಕೊಳ್ಳಿ, ಹೊಸ ಪುಸ್ತಕ ಕೈಗೆ ಬಂದ ಮೇಲೆ 6ಎ ತುಂಬಿ. ಇಲ್ಲದಿದ್ದರೆ ಅರ್ಜಿಯಲ್ಲಿ ಒಂದು ಸಂಖ್ಯೆ, ಮತದಾನದ ದಿನ ಕೈಯಲ್ಲಿ ಇನ್ನೊಂದು ಸಂಖ್ಯೆ ಎಂಬಂತಾಗುತ್ತದೆ.

## ಕ್ಷೇತ್ರ ಯಾವುದು ಎಂದು ಊಹಿಸಬೇಡಿ

ಅರ್ಜಿಯ ಮೊದಲ ಕಲಂಗಳೇ ರಾಜ್ಯ, ಜಿಲ್ಲೆ, ವಿಧಾನಸಭಾ ಕ್ಷೇತ್ರ. ಇಲ್ಲಿ ತಾಲ್ಲೂಕಿನ ಹೆಸರು ನೋಡಿ ಕ್ಷೇತ್ರ ಆರಿಸುವುದು ತೀರಾ ಸಾಮಾನ್ಯವಾದ ತಪ್ಪು. ಹುಡುಗಿಯ ಪಾಸ್‌ಪೋರ್ಟ್‌ನಲ್ಲಿ ‘ಮರವಂತೆ, ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ’ ಎಂದಿತ್ತು. ಅವಳು ಕುಂದಾಪುರ ಕ್ಷೇತ್ರವನ್ನು ಒತ್ತಿಯೂ ಆಗಿತ್ತು. ಆದರೆ ಮರವಂತೆ ಸೇರುವುದು ಬೈಂದೂರು ವಿಧಾನಸಭಾ ಕ್ಷೇತ್ರಕ್ಕೆ. ಮೇಲಾಗಿ, ಉಡುಪಿ ಜಿಲ್ಲೆಯಲ್ಲೇ ಇದ್ದರೂ ಬೈಂದೂರು ಲೋಕಸಭೆಗೆ ಶಿವಮೊಗ್ಗದ ಜೊತೆ ಹೋಗುತ್ತದೆ, ಕುಂದಾಪುರ ಉಡುಪಿ ಚಿಕ್ಕಮಗಳೂರಿನ ಜೊತೆ.

ಇದು ಬರೀ ಕಾಗದದ ವ್ಯತ್ಯಾಸವಲ್ಲ. 2024ರಲ್ಲಿ ಉಡುಪಿ ಚಿಕ್ಕಮಗಳೂರಿಗೆ ಮತದಾನ ನಡೆದದ್ದು ಏಪ್ರಿಲ್ 26ರಂದು, ಶಿವಮೊಗ್ಗಕ್ಕೆ ಮೇ 7ರಂದು. ಕುಂದಾಪುರದವರು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹನ್ನೊಂದು ದಿನ ಕಳೆದ ಮೇಲೆ ಮರವಂತೆಯವರ ಸರದಿ ಬಂತು. ತಪ್ಪು ಕ್ಷೇತ್ರ ನಂಬಿ ವಿಮಾನದ ಟಿಕೆಟ್ ತೆಗೆದವರು ಮತಗಟ್ಟೆ ತೆರೆಯುವ ಮುಂಚೆಯೇ ಮರಳಿ ವಿಮಾನ ಹತ್ತಬೇಕಾಗುತ್ತಿತ್ತು.

ಕ್ಷೇತ್ರ ತಿಳಿಯಲು ಅತ್ಯಂತ ಭದ್ರವಾದ ಉಪಾಯವೆಂದರೆ ಅದೇ ಮನೆಯ ಅಥವಾ ಪಕ್ಕದ ಮನೆಯ ಸಂಬಂಧಿಕರ ಮತದಾರರ ಗುರುತಿನ ಚೀಟಿ. ಅದರ ಸಂಖ್ಯೆಯನ್ನು electoralsearch.eci.gov.in ತಾಣದಲ್ಲಿ ಹಾಕಿದರೆ ಕ್ಷೇತ್ರದ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಎಲ್ಲವೂ ಬರುತ್ತವೆ. ಆ ಚೀಟಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಊರಿನಲ್ಲಿರುವ ಕುಟುಂಬದವರ ಚೀಟಿಯ ವಿವರವನ್ನು ಅರ್ಜಿಯೂ ಕೇಳುತ್ತದೆ.

ಅದೇ ತಾಣದಲ್ಲಿ ನಿಮ್ಮ ಹೆಸರನ್ನೂ ಹುಡುಕಿ. ವಿದೇಶಕ್ಕೆ ಹೋಗುವ ಮುಂಚೆ ಮತ ಹಾಕಿದ್ದವರ ಹೆಸರು ಇನ್ನೂ ಸಾಮಾನ್ಯ ಪಟ್ಟಿಯಲ್ಲಿ ಉಳಿದಿರುವುದುಂಟು. ಈಕೆಯದೂ ಇತ್ತು. ಒಬ್ಬರು ಎರಡು ಕಡೆ ಇರುವಂತಿಲ್ಲ. ನಮೂನೆ 6ಎಯ ಘೋಷಣೆಯಲ್ಲಿ ಹಳೆಯ ನಮೂದನ್ನು ತಿಳಿಸಿ ಅದನ್ನು ತೆಗೆಯುವಂತೆ ಕೋರಲು ಜಾಗವಿದೆ. ಅಲ್ಲಿ ಕ್ಷೇತ್ರ, ಹಳೆಯ ವಿಳಾಸ, ಚೀಟಿಯ ಸಂಖ್ಯೆಯನ್ನು ಬಚ್ಚಿಡದೆ ಬರೆಯಿರಿ. ಹಳೆಯ ಗುರುತಿನ ಚೀಟಿಯನ್ನೂ ಒಪ್ಪಿಸಬೇಕಾಗುತ್ತದೆ. ಹೆಸರು ಇಲ್ಲ ಎಂದು ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ದಂಡಕ್ಕೆ ಕಾಯ್ದೆಯ 31ನೇ ಕಲಂನಲ್ಲಿ ಅವಕಾಶವಿದೆ.

## ಸ್ಕ್ಯಾನ್ ಮಾಡಿಟ್ಟುಕೊಳ್ಳಬೇಕಾದ ದಾಖಲೆಗಳು

ಮೂರೇ ಬಗೆ: ಫೋಟೊ, ಪಾಸ್‌ಪೋರ್ಟ್ ಪುಟಗಳು, ವೀಸಾ.

ಫೋಟೊ ಇತ್ತೀಚಿನದು, ಬಣ್ಣದ್ದು, ಮುಖ ನೇರವಾಗಿ ಪೂರ್ತಿ ಕಾಣುವಂಥದ್ದು, ಹಿನ್ನೆಲೆ ಬಿಳಿಯದು ಇರಲಿ. ಪಾಸ್‌ಪೋರ್ಟ್‌ನಲ್ಲಿ ಫೋಟೊ ಇರುವ ಪುಟವೂ ವಿಳಾಸ ಇರುವ ಕೊನೆಯ ಪುಟವೂ ಎರಡೂ ಬೇಕು. ಬಿಎಲ್‌ಒ ಆಗಿದ್ದಾಗ ನಾನು ಕಂಡ ಅರೆಬರೆ ಅರ್ಜಿಗಳಲ್ಲಿ ಹೆಚ್ಚಿನವು ಮುಂಭಾಗದ ಪುಟವನ್ನು ಮಾತ್ರ ಹಚ್ಚಿದಂಥವು. ಹೆಸರು, ಫೋಟೊ, ಸಂಖ್ಯೆ ಎಲ್ಲ ಇರುತ್ತಿತ್ತು, ಮನೆ ಎಲ್ಲಿದೆ ಎಂಬುದೊಂದೇ ಇರುತ್ತಿರಲಿಲ್ಲ. ಪಾಸ್‌ಪೋರ್ಟ್‌ನಲ್ಲಿ ತಿದ್ದುಪಡಿಯ ಷರಾ ಇರುವ ಪುಟವಿದ್ದರೆ ಅದನ್ನೂ ಸೇರಿಸಿ.

ಪ್ರತಿಗಳು ಸ್ವಯಂ ದೃಢೀಕೃತವಾಗಿರಬೇಕು. ಅಂದರೆ ಪುಟದ ನಕಲು ತೆಗೆದು, ಅಕ್ಷರಗಳ ಮೇಲೆ ಬೀಳದಂತೆ ಖಾಲಿ ಜಾಗದಲ್ಲಿ ಸಹಿ ಮತ್ತು ದಿನಾಂಕ ಹಾಕಿ, ಆಮೇಲೆ ಆ ನಕಲನ್ನು ಸ್ಕ್ಯಾನ್ ಮಾಡುವುದು. ಮೊಬೈಲಿನಲ್ಲಿ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ತೆಗೆಯಿರಿ. ಪಾಸ್‌ಪೋರ್ಟ್‌ನ ಮೇಲಿನ ಪ್ಲಾಸ್ಟಿಕ್ ಪದರ ಹೊಳೆದರೆ ಒಂದೆರಡು ಅಂಕಿಗಳು ಬಿಳಿಚಿಹೋಗುತ್ತವೆ, ಕಚೇರಿಯಲ್ಲಿ ಕುಳಿತವರಿಗೆ ಅದು ಓದಲಾಗುವುದಿಲ್ಲ. ಪ್ರತಿ ಕಡತವನ್ನೂ 2 ಎಂಬಿಯ ಒಳಗೆ ಇಟ್ಟುಕೊಳ್ಳಿ, ಆದರೆ ಗಾತ್ರ ಇಳಿಸಿದ ಮೇಲೆ ಒಮ್ಮೆ ತೆರೆದು ವಿಳಾಸದ ಸಣ್ಣ ಅಕ್ಷರಗಳು ಓದಲು ಬರುತ್ತವೆಯೇ ನೋಡಿ.

ಮೂರನೆಯದು ವೀಸಾ. ಜಾರಿಯಲ್ಲಿರುವ ವೀಸಾದ ಮುದ್ರೆ ಇರುವ ಪುಟದ ಪ್ರತಿಯನ್ನು ಅರ್ಜಿ ಕೇಳುತ್ತದೆ. ಇಲ್ಲಿ ಹಲವರು ಗಾಬರಿಯಾಗುತ್ತಾರೆ, ಏಕೆಂದರೆ ಅವರ ಪಾಸ್‌ಪೋರ್ಟ್‌ನಲ್ಲಿ ಅಂತಹ ಪುಟವೇ ಇಲ್ಲ. ಯುಎಇಯಲ್ಲಿ 2022ರಿಂದ ವಾಸದ ವೀಸಾದ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿದ್ದಾರೆ, ಎಮಿರೇಟ್ಸ್ ಐಡಿಯೇ ವಾಸದ ಗುರುತು. ಬ್ರಿಟನ್ ಕೂಡ ಕಾರ್ಡ್ ಬಿಟ್ಟು ಇ-ವೀಸಾಗೆ ಹೋಗಿದೆ. ಅಮೆರಿಕದಲ್ಲಿ ಮುದ್ರೆಯ ಅವಧಿ ಮುಗಿದಿದ್ದು, ವಾಸದ ಅನುಮತಿ ಮಾತ್ರ ಐ-797 ಪತ್ರದ ಮೇಲೆ ಮುಂದುವರಿದಿರುವವರು ಬಹಳ. ಇಂಥವರು ಆ ದೇಶ ಕೊಟ್ಟ ವಾಸದ ಪರವಾನಗಿಯನ್ನೇ ಹಚ್ಚುವುದು ಸರಿಯಾದ ದಾರಿ. ಈಕೆ ಎಮಿರೇಟ್ಸ್ ಐಡಿಯ ಎರಡೂ ಬದಿ ಮತ್ತು ವಾಸದ ಪರವಾನಗಿಯ ಪಿಡಿಎಫ್ ಅನ್ನು ಒಂದೇ ಕಡತವಾಗಿ ಸೇರಿಸಿ, ಮೊದಲ ಪುಟದ ಮೇಲ್ಭಾಗದಲ್ಲಿ ‘ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟಿಕ್ಕರ್ ಇಲ್ಲ, ವಾಸದ ಪರವಾನಗಿ ಲಗತ್ತಿಸಿದೆ’ ಎಂದು ಒಂದು ಸಾಲು ಬರೆದಳು. ತಾಲ್ಲೂಕು ಕಚೇರಿಯ ಗುಮಾಸ್ತರು ಶಾರ್ಜಾದ ನಿಯಮ ಬಲ್ಲವರಲ್ಲ. ಆ ಒಂದು ಸಾಲು ಅವರ ಅನುಮಾನ ನಿವಾರಿಸುತ್ತದೆ.

## ಅರ್ಜಿ ತುಂಬುವುದು

voters.eci.gov.in ತಾಣಕ್ಕೆ ಹೋಗಿ ಖಾತೆ ತೆರೆಯುವಾಗ Indian Overseas Elector ಎಂಬ ಭಾಗವನ್ನು ಆರಿಸಿ. ಭಾರತದೊಳಗಿನ ಮತದಾರರ ಭಾಗದಲ್ಲಿ ಖಾತೆ ತೆರೆಯಲು ಹೋಗಿ ಒಟಿಪಿ ಬರಲಿಲ್ಲ ಎಂದು ಕುಳಿತವರನ್ನು ನಾನು ಕಂಡಿದ್ದೇನೆ. ದಿನವೂ ತೆರೆದು ನೋಡುವ ಇಮೇಲನ್ನೇ ಕೊಡಿ. ಒಳಗೆ ಹೋದ ಮೇಲೆ Form 6A ಆರಿಸಿ. ಚುನಾವಣಾ ಆಯೋಗದ ಆ್ಯಪ್‌ನಲ್ಲೂ ಇದೇ ನಮೂನೆ ಸಿಗುತ್ತದೆ. ಕಾಗದದಲ್ಲೇ ಕಳಿಸುವವರು ತುಂಬಿದ ನಮೂನೆಯನ್ನು ದಾಖಲೆಗಳೊಂದಿಗೆ ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ರಜೆಯಲ್ಲಿ ಊರಿಗೆ ಬಂದಾಗ ಖುದ್ದಾಗಿ ಕೊಡುವುದಾದರೆ ಮೂಲ ಪಾಸ್‌ಪೋರ್ಟ್ ಒಯ್ಯಿರಿ, ಅಲ್ಲೇ ತಾಳೆ ನೋಡಿ ಹಿಂತಿರುಗಿಸುತ್ತಾರೆ.

ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ನಮ್ಮ ಕಡೆಯವರ ಪಾಸ್‌ಪೋರ್ಟ್‌ಗಳಲ್ಲಿ ಉಪನಾಮದ ಜಾಗ ಖಾಲಿಯಿರುವುದು, ಇನಿಷಿಯಲ್ ವಿಸ್ತಾರವಾಗಿ ಅಪ್ಪನ ಹೆಸರೋ ಊರಿನ ಹೆಸರೋ ಮುಂದೆ ಬಂದಿರುವುದು ಸಾಮಾನ್ಯ. ಶಾಲೆಯ ಅಂಕಪಟ್ಟಿಯಲ್ಲಿ ಹೇಗಿದೆ ಎಂದು ನೋಡಬೇಡಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸಿದ ಕಡೆ ನಿಂತು ಓದಿ. ಕಾಮತ್ ಎಂಬುದು ಕಮತ್ ಆಗುವುದಕ್ಕೆ, ಶಾಂತಾ ಎಂಬುದು ಸಂತ ಆಗುವುದಕ್ಕೆ ಕ್ಷಣ ಸಾಕು. ಮುದ್ರಿತ ಪಟ್ಟಿ ನಮ್ಮ ರಾಜ್ಯದಲ್ಲಿ ಕನ್ನಡದಲ್ಲಿರುತ್ತದೆ, ಮತಗಟ್ಟೆಯಲ್ಲಿ ನಿಮ್ಮ ಹೆಸರನ್ನು ಹುಡುಕುವುದು ಅದರಲ್ಲೇ.

ಪಾಸ್‌ಪೋರ್ಟ್ ಕಲಂಗಳಲ್ಲಿ ಸಂಖ್ಯೆ, ವಿತರಣೆಯಾದ ಸ್ಥಳ, ವಿತರಣೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಕೇಳುತ್ತಾರೆ. ನಾಲ್ಕನ್ನೂ ಫೋಟೊ ಇರುವ ಪುಟದಿಂದ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಸಂಖ್ಯೆ ಒಂದು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿಗಳದ್ದು. ಮೊದಲ ಅಕ್ಷರದ ನಂತರ ಬರುವುದೆಲ್ಲ ಅಂಕಿಯೇ ಆದ್ದರಿಂದ ಅಲ್ಲಿ ಸೊನ್ನೆಯ ಬದಲು O ಅಕ್ಷರ ಒತ್ತಿರಬಾರದು. ಕೊನೆಯ ಪುಟದಲ್ಲಿ ಹಳೆಯ ಪಾಸ್‌ಪೋರ್ಟ್‌ನ ಸಂಖ್ಯೆ ಮತ್ತು ಫೈಲ್ ಸಂಖ್ಯೆ ಕೂಡ ಅಚ್ಚಾಗಿರುತ್ತವೆ. ವಿಳಾಸ ನೋಡಿ ಬರೆಯುವ ಭರದಲ್ಲಿ ಅಲ್ಲಿಯೇ ಕಂಡ ಹಳೆಯ ಸಂಖ್ಯೆಯನ್ನು ನಕಲು ಮಾಡಿದವರಿದ್ದಾರೆ. ನವೀಕರಣ ವಿದೇಶದಲ್ಲಿ ಆಗಿದ್ದರೆ ವಿತರಣೆಯಾದ ಸ್ಥಳ ದುಬೈ, ಲಂಡನ್ ಎಂದೇ ಇರುತ್ತದೆ, ಅದನ್ನೇ ಬರೆಯಿರಿ, ಬೆಂಗಳೂರು ಎಂದು ತಿದ್ದಬೇಡಿ.

ವೀಸಾದ ಕಲಂಗಳಲ್ಲಿ ಅದರ ಸಂಖ್ಯೆ, ಬಗೆ, ಕೊಟ್ಟ ಪ್ರಾಧಿಕಾರ, ಆರಂಭ ಮತ್ತು ಕೊನೆಯ ದಿನಾಂಕಗಳು ಬರುತ್ತವೆ. ಊರಿನಿಂದ ದೂರವಿರಲು ಕಾರಣ ಉದ್ಯೋಗವೋ ಓದೋ ಬೇರೆಯೋ ಎಂದು ಗುರುತಿಸಬೇಕು. ಯಾವ ದಿನದಿಂದ ದೂರವಿದ್ದೀರಿ ಎಂಬ ಕಲಂಗೆ ಪಾಸ್‌ಪೋರ್ಟ್ ಸಿಕ್ಕ ದಿನವನ್ನಲ್ಲ, ಈಗಿನ ವಾಸಕ್ಕಾಗಿ ಭಾರತ ಬಿಟ್ಟ ದಿನವನ್ನು ಬರೆಯಿರಿ. ವಿಮಾನ ನಿಲ್ದಾಣದಲ್ಲಿ ಒತ್ತಿದ ನಿರ್ಗಮನ ಮುದ್ರೆ ನೋಡಿದರೆ ಅದು ಸಿಗುತ್ತದೆ.

ವಿಳಾಸದ ಕಲಂಗಳು ಎರಡು ಜೊತೆ. ಭಾರತದ್ದು ಪಾಸ್‌ಪೋರ್ಟ್‌ನಲ್ಲಿರುವಂತೆ: ಮನೆ ಸಂಖ್ಯೆ, ಬೀದಿ, ಊರು, ಅಂಚೆ, ಪಿನ್‌ಕೋಡ್, ಜಿಲ್ಲೆ. ವಿದೇಶದ್ದು ಈಗ ಇರುವ ಮನೆಯದು. ಮರವಂತೆ ಈಗ ಬೈಂದೂರು ತಾಲ್ಲೂಕಿನಲ್ಲಿದೆ, ಪಾಸ್‌ಪೋರ್ಟ್ ಮಾಡಿಸಿದಾಗ ಆ ತಾಲ್ಲೂಕು ಇರಲಿಲ್ಲ. ಹುಡುಗಿ ವಿಳಾಸವನ್ನು ಹಾಗೇ ಇಟ್ಟು, ಕ್ಷೇತ್ರ ಮಾತ್ರ ಬೈಂದೂರು ಎಂದು ಆರಿಸಿದಳು. ಅದೇ ಸರಿ. ಪಾಸ್‌ಪೋರ್ಟ್‌ನ ವಿಳಾಸವನ್ನು ಹೊಸ ಭೂಗೋಳಕ್ಕೆ ಹೊಂದಿಸಲು ನೀವಾಗಿ ಹೋದರೆ ತಾಳೆ ನೋಡುವವರಿಗೆ ಎರಡು ಬೇರೆ ವಿಳಾಸಗಳಂತೆ ಕಾಣುತ್ತದೆ.

ಘೋಷಣೆಯನ್ನು ಪೂರ್ತಿ ಓದಿ. ಬೇರೆ ದೇಶದ ಪೌರತ್ವ ಪಡೆದರೆ ತಕ್ಷಣ ತಿಳಿಸುತ್ತೇನೆ, ವಿದೇಶದ ವಿಳಾಸ ಬದಲಾದರೆ ತಿಳಿಸುತ್ತೇನೆ, ಭಾರತಕ್ಕೆ ಮರಳಿ ನೆಲೆಸಿದರೆ ತಿಳಿಸುತ್ತೇನೆ ಎಂಬ ಮಾತುಗಳಿಗೆ ನೀವು ಸಹಿ ಹಾಕುತ್ತೀರಿ. ಅರ್ಜಿ ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟು, ಊರಿನ ಸಂಬಂಧಿಕರಿಗೂ ಕಳಿಸಿ. ಅರ್ಜಿಯ ಸ್ಥಿತಿ ನೋಡಲು ಬೇಕಾಗುವುದು ಅದೇ.

## ಮನೆ ಬಾಗಿಲಿಗೆ ಬಿಎಲ್‌ಒ ಬಂದಾಗ

ಅರ್ಜಿ ನೋಂದಣಿ ಅಧಿಕಾರಿಯ ಕಚೇರಿಗೆ ಹೋಗಿ, ಅಲ್ಲಿಂದ ಆ ಮತಗಟ್ಟೆಯ ಬಿಎಲ್‌ಒಗೆ ಬರುತ್ತದೆ. ಆಕೆ ಅಥವಾ ಆತ ಅಂಗನವಾಡಿ ಕಾರ್ಯಕರ್ತೆಯೋ ಶಿಕ್ಷಕನೋ ಆಗಿರುತ್ತಾರೆ, ತಮ್ಮ ಕೆಲಸ ಮುಗಿಸಿ ಸಂಜೆ ಅಥವಾ ಭಾನುವಾರ ಬರುತ್ತಾರೆ. ಬಂದು ಮಾಡುವುದು ಇಷ್ಟೇ: ಈ ಹೆಸರಿನವರು ಈ ಮನೆಯವರೇ, ಹೊರದೇಶದಲ್ಲಿದ್ದಾರೆಯೇ, ಈ ಪಾಸ್‌ಪೋರ್ಟ್ ಪ್ರತಿಗಳು ಅವರವೇ ಎಂದು ಸಂಬಂಧಿಕರಲ್ಲಿ ಕೇಳಿ, ಅವರಿಂದ ದೃಢೀಕರಣದ ಹೇಳಿಕೆ ಪಡೆಯುವುದು.

ಬೀಗ ಹಾಕಿದ ಮನೆಯಿಂದ ಬರುವ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ಪಕ್ಕದ ಮನೆಯವರು ‘ಅವರು ಇಲ್ಲಿ ಈಗ ಇಲ್ಲ, ಉಡುಪಿಗೆ ಹೋದರು’ ಎಂದರೆ ಅದು ಅರ್ಜಿದಾರಳ ಬಗ್ಗೆ ಹೇಳಿದ್ದೋ ತಂದೆ ತಾಯಿಯ ಬಗ್ಗೆ ಹೇಳಿದ್ದೋ ಎಂಬುದೂ ಕೆಲವೊಮ್ಮೆ ಗೊಂದಲವಾಗುತ್ತದೆ. ನಾವು ಹೀಗೆ ಮಾಡಿದೆವು. ಮರವಂತೆಯಲ್ಲಿ ಮನೆಯ ಹಿಂದಿನ ಓಣಿಯಲ್ಲೇ ಹುಡುಗಿಯ ದೊಡ್ಡಪ್ಪ ಇದ್ದಾರೆ, ಅವರ ಹೆಸರು ಅದೇ ಭಾಗದ ಪಟ್ಟಿಯಲ್ಲಿದೆ. ಕುಟುಂಬದವರ ಕಲಂನಲ್ಲಿ ಅವರ ಚೀಟಿಯ ಸಂಖ್ಯೆಯನ್ನೇ ಕೊಟ್ಟೆವು. ಪಾಸ್‌ಪೋರ್ಟ್‌ನ ಎರಡು ಪುಟಗಳ ಪ್ರತಿ, ಅರ್ಜಿಯ ಉಲ್ಲೇಖ ಸಂಖ್ಯೆ ಎರಡನ್ನೂ ಒಂದು ಲಕೋಟೆಯಲ್ಲಿ ಹಾಕಿ ಅವರ ಬಳಿ ಇಟ್ಟೆವು. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಆ ಮತಗಟ್ಟೆಯ ಬಿಎಲ್‌ಒ ಯಾರೆಂದು ಕೇಳಿ, ಮನೆ ಮುಚ್ಚಿದ್ದರೆ ದೊಡ್ಡಪ್ಪನ ಮನೆಗೆ ಬನ್ನಿ ಎಂದು ತಿಳಿಸಿದೆವು. ಬಿಎಲ್‌ಒ ಬಂದ ದಿನ ದೊಡ್ಡಪ್ಪ ಲಕೋಟೆ ತೆಗೆದು, ಪ್ರತಿಗಳನ್ನು ಒಂದೊಂದಾಗಿ ತೋರಿಸಿ, ಹೇಳಿಕೆಗೆ ಸಹಿ ಹಾಕಿದರು. ಅಷ್ಟು ಹೊತ್ತಿಗೆ ಚಹಾ ಇನ್ನೂ ಕುದಿಯುತ್ತಿತ್ತು.

ಮನೆಯವರಿಗೆ ಮೊದಲೇ ತಿಳಿಸದಿದ್ದರೆ ಇದೇ ಕೆಲಸ ಕೆಡುತ್ತದೆ. ಬಾಗಿಲಿಗೆ ಬಂದು ಮಗಳ ಪಾಸ್‌ಪೋರ್ಟ್ ಪ್ರತಿ ತೋರಿಸುವ ಅಪರಿಚಿತರನ್ನು ಕಂಡು ವಯಸ್ಸಾದವರು ಹೆದರಿ ‘ನಮಗೇನೂ ಗೊತ್ತಿಲ್ಲ’ ಎಂದುಬಿಡುತ್ತಾರೆ. ಅವರ ತಪ್ಪಲ್ಲ. ಆದರೆ ವರದಿಯಲ್ಲಿ ಅದು ಸಂಬಂಧಿಕರು ದೃಢೀಕರಿಸಲಿಲ್ಲ ಎಂದಾಗುತ್ತದೆ.

ಊರಿನಲ್ಲಿ ಸಂಬಂಧಿಕರೇ ಇಲ್ಲದಿದ್ದರೆ, ಇದ್ದವರು ಹೇಳಿಕೆ ಕೊಡಲು ಒಪ್ಪದಿದ್ದರೆ, ಅಥವಾ ಅವರು ಹೇಳಿದ್ದು ಅಧಿಕಾರಿಗೆ ತೃಪ್ತಿಯಾಗದಿದ್ದರೆ ಬಾಗಿಲು ಮುಚ್ಚಿತು ಎಂದಲ್ಲ. ನಿಮ್ಮ ದಾಖಲೆಗಳನ್ನು ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ದೂತಾವಾಸಕ್ಕೆ ಪರಿಶೀಲನೆಗೆ ಕಳಿಸುತ್ತಾರೆ. ಈ ದಾರಿ ನಿಧಾನ. ಅರ್ಜಿಯ ಸ್ಥಿತಿ ವಾರಗಟ್ಟಲೆ ಕದಲದಿದ್ದರೆ ಬಿಎಲ್‌ಒ ವರದಿ ಹೋಗಿದೆಯೇ, ಹೋಗಿದ್ದರೆ ಕಡತ ದೂತಾವಾಸದ ಕಡೆ ತಿರುಗಿದೆಯೇ ಎಂದು ನೋಂದಣಿ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ನಮ್ಮಲ್ಲಿ ತಹಶೀಲ್ದಾರರು ಸಾಮಾನ್ಯವಾಗಿ ಸಹಾಯಕ ನೋಂದಣಿ ಅಧಿಕಾರಿಯಾಗಿರುತ್ತಾರೆ, ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಉಲ್ಲೇಖ ಸಂಖ್ಯೆ ಕೊಟ್ಟು ಕೇಳಿದರೆ ಉತ್ತರ ಸಿಗುತ್ತದೆ.

## ಎಷ್ಟು ಮುಂಚೆ ಅರ್ಜಿ ಹಾಕಬೇಕು

ಬಂದ ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗೆ ಏಳು ದಿನ ಬಿಟ್ಟೇ ತೀರ್ಮಾನ ಮಾಡಬೇಕು. ಆದ್ದರಿಂದ ಎಲ್ಲ ಸುಗಮವಾದರೂ ಒಂದು ವಾರಕ್ಕಿಂತ ಬೇಗ ಆಗುವ ಕೆಲಸವಲ್ಲ. ಇನ್ನೊಂದು ಕಡೆ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮುಂಚಿನದೇ ನಿಜವಾದ ಗಡುವು. ಶಿವಮೊಗ್ಗ ಕ್ಷೇತ್ರಕ್ಕೆ 2024ರಲ್ಲಿ ನಾಮಪತ್ರದ ಕೊನೆಯ ದಿನ ಏಪ್ರಿಲ್ 19 ಆಗಿತ್ತು, ಅಂದರೆ ಏಪ್ರಿಲ್ 9ಕ್ಕೆ, ಮತದಾನಕ್ಕೆ ಸುಮಾರು ಒಂದು ತಿಂಗಳು ಇರುವಾಗಲೇ ಅವಕಾಶ ಮುಗಿದಿತ್ತು. ಪರಿಶೀಲನೆ ದೂತಾವಾಸದ ದಾರಿ ಹಿಡಿಯುವ ಸಾಧ್ಯತೆಯಿದ್ದರೆ ಚುನಾವಣೆಯ ಮಾತೇ ಇಲ್ಲದ ಕಾಲದಲ್ಲಿ ಅರ್ಜಿ ಹಾಕಿ.

ಹದಿನೆಂಟು ತುಂಬುತ್ತಿರುವ ಮಕ್ಕಳಿಗೆ ಅರ್ಹತೆಯ ದಿನಾಂಕಗಳು ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಓದಲು ಹೋದ ಮಗನಿಗೆ ಮೇನಲ್ಲಿ ವಯಸ್ಸು ತುಂಬಿದರೆ ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ.

## ಹೆಸರು ಬಂದ ಮೇಲೆ

ತೀರ್ಮಾನವನ್ನು ನಿಮ್ಮ ವಿದೇಶದ ವಿಳಾಸಕ್ಕೆ ಅಂಚೆಯಲ್ಲಿ ಮತ್ತು ಮೊಬೈಲ್ ಸಂದೇಶದಲ್ಲಿ ತಿಳಿಸುತ್ತಾರೆ. ಅದಕ್ಕೆ ಮಾತ್ರ ಕಾದು ಕೂರದೆ ಆ ಭಾಗದ ಮತದಾರರ ಪಟ್ಟಿಯನ್ನು ತೆರೆದು ನೋಡಿ. ಸಾಗರೋತ್ತರ ಮತದಾರರ ಹೆಸರುಗಳು ಮನೆ ಸಂಖ್ಯೆಯ ಸರದಿಯಲ್ಲಿ ಮನೆಯವರ ಪಕ್ಕ ಇರುವುದಿಲ್ಲ, ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕ ವಿಭಾಗದಲ್ಲಿರುತ್ತವೆ. ಮನೆಯವರ ಹೆಸರುಗಳ ಪಕ್ಕ ಹುಡುಕಿ ‘ಹೆಸರು ಬಂದಿಲ್ಲ’ ಎಂದು ಎರಡನೆಯ ಅರ್ಜಿ ಹಾಕಿದವರಿದ್ದಾರೆ. ಹೆಸರು, ವಯಸ್ಸು, ಸಂಬಂಧಿಯ ಹೆಸರಿನಲ್ಲಿ ತಪ್ಪಿದ್ದರೆ ನಮೂನೆ 8ರಲ್ಲಿ ತಿದ್ದುಪಡಿ ಕೇಳಿ.

ಸಾಗರೋತ್ತರ ಮತದಾರರಿಗೆ ಮತದಾರರ ಗುರುತಿನ ಚೀಟಿ ಕೊಡುವುದಿಲ್ಲ. ಚೀಟಿ ಬರಲಿಲ್ಲ ಎಂದು ಕಾಯಬೇಡಿ. ಮತಗಟ್ಟೆಯಲ್ಲಿ ತೋರಿಸಬೇಕಾದದ್ದು ಮೂಲ ಪಾಸ್‌ಪೋರ್ಟ್. ನಕಲು, ಮೊಬೈಲಿನ ಚಿತ್ರ, ಆಧಾರ್ ಅದರ ಜಾಗದಲ್ಲಿ ನಡೆಯುವುದಿಲ್ಲ. ವೀಸಾ ಮುದ್ರೆಗೋ ನವೀಕರಣಕ್ಕೋ ಪಾಸ್‌ಪೋರ್ಟ್ ಬೇರೆ ಕಚೇರಿಯಲ್ಲಿ ಕೊಟ್ಟು ಊರಿಗೆ ಬಂದ ಅವಧಿಯಲ್ಲಿ ಮತದಾನ ಬೀಳದಂತೆ ನೋಡಿಕೊಳ್ಳಿ. ಮತಗಟ್ಟೆಗೆ ಹೋಗುವಾಗ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಹೆಸರು ಕೊನೆಯ ವಿಭಾಗದಲ್ಲಿದೆ ಎಂದು ಅಧಿಕಾರಿಗೆ ಹೇಳಿ. ಬೆಳಗಿನ ಗದ್ದಲದಲ್ಲಿ ಅವರು ಮೊದಲು ತೆರೆಯುವುದು ಆ ಪುಟವನ್ನಲ್ಲ.

ಕೆಲಸ ಬಿಟ್ಟು ಊರಿಗೆ ಮರಳಿ ನೆಲೆಸಿದ ಮೇಲೆ ಸಾಗರೋತ್ತರ ಪಟ್ಟಿಯಲ್ಲಿ ಮುಂದುವರಿಯುವಂತಿಲ್ಲ. ಮರಳಿದ ವಿಷಯವನ್ನು ನೋಂದಣಿ ಅಧಿಕಾರಿಗೆ ತಿಳಿಸಿ, ವಾಸವಿರುವ ಊರಿನಲ್ಲಿ ನಮೂನೆ 6 ತುಂಬಿದರೆ ಸಾಮಾನ್ಯ ಮತದಾರರಾಗುತ್ತೀರಿ. ಆಗ ಪಾಸ್‌ಪೋರ್ಟ್‌ನಲ್ಲಿ ಯಾವ ವಿಳಾಸವಿದೆ ಎಂದು ಯಾರೂ ಕೇಳುವುದಿಲ್ಲ, ಉಡುಪಿಯಲ್ಲಿ ನೆಲೆಸಿದರೆ ಉಡುಪಿಯಲ್ಲೇ ಸೇರಬಹುದು, ಗುರುತಿನ ಚೀಟಿಯೂ ಬರುತ್ತದೆ.